ಲೆಕ್ಕ ಸರಿಯಿದ್ದರೂ ಊಹೆಗಳನ್ನು ಯಾಕೆ ಬರೆಯಬೇಕು?

ಪ್ರಿಯ ಸಹೋದ್ಯೋಗಿಗಳೇ,

ರಿವ್ಯೂ ಮುಗಿದ ಮೇಲೆ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಸರ್, ಸೂತ್ರ ಸರಿ, ಉತ್ತರ ಸರಿ. ಮತ್ತೆ ಊಹೆ, ತಪಾಸಣೆ ಅಂತ ಪಕ್ಕದಲ್ಲಿ ಬರೆಯೋದು ಯಾಕೆ?"

ನಾನೇ ಮಾಡಿದ ಒಂದು ಲೆಕ್ಕ ನೋಡಿ. 7805 ರೆಗ್ಯುಲೇಟರ್, 12 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, 150 ಮಿಲಿಆಂಪ್ ಲೋಡ್, ಹೀಟ್‌ಸಿಂಕ್ ಇಲ್ಲ.

```
P  = (12 − 5) × 0.15 = 1.05 W
Tj = 25 + 1.05 × 65  ≈ 93 °C
```

ಇಲ್ಲಿ P ಎಂದರೆ ರೆಗ್ಯುಲೇಟರ್ ಶಾಖವಾಗಿ ಕಳೆಯುವ ಶಕ್ತಿ, Tj ಎಂದರೆ ಚಿಪ್‌ನೊಳಗಿನ ಜಂಕ್ಷನ್‌ನ ಬಿಸಿ, 65 ಎಂದರೆ ಪ್ರತಿ ವಾಟಿಗೆ ಜಂಕ್ಷನ್ ಸುತ್ತಲ ಗಾಳಿಗಿಂತ ಏರುವ ಡಿಗ್ರಿ. Tj ಮಿತಿ 125 ಡಿಗ್ರಿ. ಅಂದರೆ 32 ಡಿಗ್ರಿ ಉಳಿತಾಯ. ರಿವ್ಯೂನಲ್ಲಿ ಯಾರೂ ತಕರಾರು ತೆಗೆಯಲಿಲ್ಲ, ಟೇಬಲ್ ಮೇಲೆ ಬೋರ್ಡ್ ದಿನವಿಡೀ ಓಡಿತು. ಮುಚ್ಚಿದ ಪೆಟ್ಟಿಗೆಗೆ ಹೋದ ಮೇಲೆ ಮಾತ್ರ ಅರ್ಧ ಗಂಟೆಗೊಮ್ಮೆ ರೀಸೆಟ್ ಆಗತೊಡಗಿತು. ಎರಡು ದಿನ ಸಾಫ್ಟ್‌ವೇರ್ ಹುಡುಕಿದೆವು. ಕೊನೆಗೆ 5 ವೋಲ್ಟ್ ಲೈನಿಗೆ ಸ್ಕೋಪ್ ಹಚ್ಚಿದಾಗ ಕಂಡದ್ದು: ವೋಲ್ಟೇಜ್ ಕುಸಿಯುತ್ತದೆ, ತಣಿದ ಮೇಲೆ ತಾನಾಗಿ ಮರಳುತ್ತದೆ. ರೆಗ್ಯುಲೇಟರ್ ಬಿಸಿಗೆ ತನ್ನನ್ನೇ ಆಫ್ ಮಾಡಿಕೊಳ್ಳುತ್ತಿತ್ತು.

ಗುಣಾಕಾರದಲ್ಲಿ ತಪ್ಪಿರಲಿಲ್ಲ. 25 ಎಂಬ ಅಂಕಿ ಎಲ್ಲಿಂದ ಬಂತು ಎಂದು ನಾನು ಬರೆದಿರಲಿಲ್ಲ, ಅಷ್ಟೇ. ಪೆಟ್ಟಿಗೆಯೊಳಗೆ ಗಾಳಿ 70 ಡಿಗ್ರಿ ಇತ್ತು, ಅಡಾಪ್ಟರ್ 13.2 ವೋಲ್ಟ್ ಕೊಡುತ್ತಿತ್ತು. ಅದೇ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ 1.23 ವಾಟ್, ಸುಮಾರು 150 ಡಿಗ್ರಿ. "ಸುತ್ತಲ ಗಾಳಿ 25, ತೆರೆದ ಬೋರ್ಡ್" ಎಂಬ ಒಂದು ಸಾಲು ಇದ್ದಿದ್ದರೆ, ಪೆಟ್ಟಿಗೆ ವಿನ್ಯಾಸ ಮಾಡಿದವರು ಅಲ್ಲೇ ಕೈ ಎತ್ತುತ್ತಿದ್ದರು. ಅವರಿಗೆ ನಮ್ಮ ಸೂತ್ರ ಗೊತ್ತಿಲ್ಲ. ಪೆಟ್ಟಿಗೆ ಎಷ್ಟು ಬಿಸಿಯಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಹಾಗಾಗಿ ಪ್ರತಿ ಅಂಕಿಯ ಪಕ್ಕ ಅದರ ಮೂಲ ಬರೆಯಿರಿ: ಅಳೆದದ್ದೋ, ಡೇಟಾಶೀಟಿನದೋ, ನೀವು ಹಿಡಿದುಕೊಂಡದ್ದೋ. ಡೇಟಾಶೀಟಿನದಾದರೆ ಟಿಪಿಕಲ್ಲೋ ಗರಿಷ್ಠವೋ ಎಂಬುದೂ ಇರಲಿ. ಬಿಟ್ಟದ್ದನ್ನೂ ಬರೆಯಿರಿ. ಮೇಲಿನ ಲೆಕ್ಕದಲ್ಲಿ ರೆಗ್ಯುಲೇಟರ್ ತಾನೇ ಎಳೆಯುವ ಸುಮಾರು 5 ಮಿಲಿಆಂಪ್ ಬಿಟ್ಟಿದ್ದೇನೆ. ಅದರಿಂದ ಇನ್ನೂ 4 ಡಿಗ್ರಿ ಏರುತ್ತದೆ.

ತಪಾಸಣೆ ಅಂದರೆ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡುವುದಲ್ಲ. ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬರಬೇಕು. ಜಂಕ್ಷನ್‌ನಿಂದ ಕೇಸಿಗೆ ವಾಟಿಗೆ 5 ಡಿಗ್ರಿ ಎಂದಾದರೆ, ಟೇಬಲ್ ಮೇಲೆ ಲೋಹದ ಟ್ಯಾಬ್ ಸುಮಾರು 88 ಡಿಗ್ರಿ ಇರಬೇಕು. ಈ ಅಂಕಿಯನ್ನು ಅಳೆಯುವ ಮೊದಲೇ ಬರೆದಿಡಿ, ಆಮೇಲೆ ಥರ್ಮೋಕಪಲ್ ಅಂಟಿಸಿ. 75 ಬಂದರೆ ಬೋರ್ಡಿನ ತಾಮ್ರ ಶಾಖವನ್ನು ಎಳೆದುಕೊಳ್ಳುತ್ತಿರಬಹುದು, ನಮ್ಮ 65 ಹೆಚ್ಚಾಯಿತು. 100 ಬಂದರೆ ಮೊದಲು ಲೋಡ್ ಕರೆಂಟ್ ಅಳೆಯಿರಿ. ಅಳತೆ ಮುಗಿದ ಮೇಲೆ ಬರೆದ ನಿರೀಕ್ಷೆ ಅಳತೆಯ ಕಡೆಗೇ ವಾಲುತ್ತದೆ. ಅಂಥದ್ದನ್ನು ನಾನು ತಪಾಸಣೆ ಎಂದು ಒಪ್ಪುವುದಿಲ್ಲ.

ಮುಂದಿನ ರಿವ್ಯೂಗೆ ನಿಮ್ಮ ಪವರ್ ಸಪ್ಲೈ ಲೆಕ್ಕದ ಹಾಳೆಯನ್ನು ಹೀಗೆ ಬರೆದು ತನ್ನಿ. ಪೆಟ್ಟಿಗೆ ತಂಡದವರನ್ನೂ ಕರೆದಿದ್ದೇನೆ.