ಏಳಕ್ಕೆ ಕಳಿಸಿದರೆ ಏಳಕ್ಕೇ ತೆರೆಯುತ್ತಾರೆ: ಒಬ್ಬೊಬ್ಬರಿಗೂ ಹೊತ್ತು ಹುಡುಕುವ ಲೆಕ್ಕ

ರಾಯಚೂರಿನಲ್ಲಿ ನಾವು ಮೂವರು ಸೇರಿ ಒಂದು ಚಿಕ್ಕ ಆ್ಯಪ್ ನಡೆಸುತ್ತೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ದಿನಕ್ಕೊಂದು ಪ್ರಶ್ನೆ ಕಳಿಸುವುದಷ್ಟೇ ಅದರ ಕೆಲಸ. ಮೊದಲಿಂದಲೂ ಎಲ್ಲರಿಗೂ ಬೆಳಿಗ್ಗೆ 7ಕ್ಕೆ ನೋಟಿಫಿಕೇಶನ್ ಹೋಗುತ್ತಿತ್ತು. ಒಬ್ಬೊಬ್ಬರಿಗೆ ಅವರವರ ಬಿಡುವಿನ ಹೊತ್ತಿಗೆ ಕಳಿಸೋಣ, ಹಳೆಯ ದಾಖಲೆ ಇದ್ದೇ ಇದೆಯಲ್ಲ ಎಂದು ಕೂತೆವು. ಅವರು ಯಾವ ಗಂಟೆಯಲ್ಲಿ ಜಾಸ್ತಿ ಸಲ ತೆರೆದಿದ್ದಾರೆ ಅಂತ ಎಣಿಸು, ಆ ಗಂಟೆಗೇ ಕಳಿಸು. ಲೆಕ್ಕ ಇಷ್ಟೇ ಅಂದುಕೊಂಡಿದ್ದೆವು.

ಎಣಿಸಿ ನೋಡಿದರೆ ಹೆಚ್ಚುಕಮ್ಮಿ ಎಲ್ಲರ ಉತ್ತರವೂ 7 ಅಂತಲೇ ಬಂತು.

ಯಾಕೆ ಅಂತ ಹೊಳೆಯಲು ನನಗೆ ಒಂದು ಸಂಜೆ ಬೇಕಾಯಿತು. ನಾವು ಕಳಿಸಿದ್ದೇ 7ಕ್ಕೆ. ನೋಟಿಫಿಕೇಶನ್ ಬಂದ ತಕ್ಷಣ ಒಂದಿಷ್ಟು ಜನ ಒತ್ತುತ್ತಾರೆ. ಹಾಗಾಗಿ ದಾಖಲೆಯಲ್ಲಿ ಏಳರ ಗಂಟೆ ತುಂಬಿಕೊಂಡಿರುತ್ತದೆ. ಅದು ಅವರ ಇಷ್ಟದ ಹೊತ್ತಲ್ಲ, ನಾವು ಕಳಿಸಿದ ಹೊತ್ತಿನ ನೆರಳು. ಸಂಜೆ ಹೊತ್ತು ಅಂಗಡಿಯನ್ನೇ ತೆರೆಯದೆ, ಸಂಜೆ ಗಿರಾಕಿ ಬರುವುದಿಲ್ಲ ಅಂತ ಲೆಕ್ಕ ಬರೆದ ಹಾಗೆ.

ಆದ್ದರಿಂದ ಮೊದಲು ತಿದ್ದಬೇಕಾದದ್ದು ಎಣಿಕೆಯನ್ನೇ. "ಈ ಗಂಟೆಯಲ್ಲಿ ಎಷ್ಟು ಸಲ ತೆರೆದರು" ಅಂತ ಕೇಳಬಾರದು. "ಈ ಗಂಟೆಗೆ ಕಳಿಸಿದಾಗ, ಅದರಲ್ಲಿ ಎಷ್ಟು ಸಲ ಒಂದು ಗಂಟೆಯೊಳಗೆ ತೆರೆದರು" ಅಂತ ಕೇಳಬೇಕು. ಕೆಳಗೆ ಭಾಗಿಸಲು ಕಳಿಸಿದ ಸಂಖ್ಯೆ ಇರಲೇಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ನಾವು ಬರೆದದ್ದು ಹೀಗಿದೆ:

```sql
SELECT user_id,
  EXTRACT(HOUR FROM sent_at AT TIME ZONE 'Asia/Kolkata') AS hr,
  COUNT(*) AS sends,
  COUNT(*) FILTER (
    WHERE opened_at - sent_at <= INTERVAL '1 hour') AS opens
FROM pushes
WHERE sent_at >= now() - INTERVAL '90 days'
GROUP BY user_id, hr;
```

ಇದರಲ್ಲಿ `'Asia/Kolkata'` ಇರುವ ಸಾಲನ್ನು ಮರೆಯಬೇಡಿ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯೇ ಕಾಟ ಕೊಡುವುದು. ಯುಟಿಸಿ ಗಂಟೆಯ ಪ್ರಕಾರ ಗುಂಪು ಮಾಡಿ, ಆಮೇಲೆ ಐದೋ ಆರೋ ಕೂಡಿಸಿದರೆ, ನಮ್ಮ ಆರೂವರೆಯಿಂದ ಏಳೂವರೆವರೆಗಿನದೆಲ್ಲ ಒಂದೇ ಗಂಟೆಯ ಡಬ್ಬಿಗೆ ಬೀಳುತ್ತದೆ. ಮೊದಲು ನಮ್ಮ ಸಮಯಕ್ಕೆ ತಿರುಗಿಸಿ, ಆಮೇಲೆ ಗಂಟೆ ತೆಗೆಯಬೇಕು.

ಇನ್ನು, ಬರೀ ಏಳಕ್ಕೇ ಕಳಿಸಿದ್ದರೆ ಬೇರೆ ಗಂಟೆಗಳ ಸಾಲು ಖಾಲಿ ಇರುತ್ತದೆ. ಖಾಲಿ ಸಾಲಿನಿಂದ ಏನೂ ಕಲಿಯಲು ಆಗುವುದಿಲ್ಲ. ಹಾಗಾಗಿ ಕೆಲವು ವಾರ ಬೇಕಂತಲೇ ಬೇರೆ ಬೇರೆ ಹೊತ್ತಿಗೆ ಕಳಿಸಬೇಕು. ನಾವು ನಾಲ್ಕು ದಿನಕ್ಕೊಮ್ಮೆ ಏಳರ ಬದಲು ಮಧ್ಯಾಹ್ನ 2, ಸಂಜೆ 6, ರಾತ್ರಿ 9 ಇವುಗಳಲ್ಲಿ ಯಾವುದೋ ಒಂದಕ್ಕೆ ಚೀಟಿ ಎತ್ತಿದ ಹಾಗೆ ಕಳಿಸಿದೆವು. ಚೀಟಿ ಎತ್ತುವುದು ನಿಜವಾಗಿ ಚೀಟಿ ಎತ್ತುವುದೇ ಆಗಿರಬೇಕು. ಮೊದಮೊದಲು ಒಳ್ಳೆಯ ಪ್ರಶ್ನೆಗಳನ್ನೆಲ್ಲ ನಾವು ರಾತ್ರಿ 9ಕ್ಕೆ ಇಡುತ್ತಿದ್ದೆವು. ಹಾಗೆ ಮಾಡಿದರೆ ಪ್ರಶ್ನೆಗೆ ಸಿಗಬೇಕಾದ ಶ್ರೇಯ ಗಂಟೆಗೆ ಹೋಗಿಬಿಡುತ್ತದೆ. ಆಮೇಲೆ ಅದನ್ನು ಬೇರೆ ಮಾಡಲು ಬರುವುದಿಲ್ಲ.

ಹಳೆಯ ದಾಖಲೆಯಲ್ಲೂ ಪೂರ್ತಿ ಏನೂ ಇಲ್ಲ ಅಂತಲ್ಲ. ಏಳಕ್ಕೆ ಬಂದದ್ದನ್ನು ಹಾಗೇ ಬಿಟ್ಟು ಮಧ್ಯಾಹ್ನ 2.10ಕ್ಕೆ ತೆರೆದವರಿದ್ದಾರೆ. ನೋಟಿಫಿಕೇಶನ್ ಇಲ್ಲದೆ ತಾವಾಗೇ ಆ್ಯಪ್ ತೆರೆದವರೂ ಇದ್ದಾರೆ. ಆ ಹೊತ್ತನ್ನು ನಾವು ಹೇರಿದ್ದಲ್ಲ, ಅವರೇ ಆರಿಸಿಕೊಂಡದ್ದು. ಯಾವ ಗಂಟೆಗಳನ್ನು ಪರೀಕ್ಷಿಸಬೇಕು ಅಂತ ತೀರ್ಮಾನಿಸಲು ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಮೇಲಿನ ಮೂರು ಹೊತ್ತು ಬಂದದ್ದೂ ಹೀಗೆಯೇ.

ಈಗ ಒಬ್ಬರ ಲೆಕ್ಕವನ್ನು ಪೂರ್ತಿ ಮಾಡೋಣ. ಇವರು ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾ ಓದುವ ಅಕ್ಕ. ಅಂಕಿಗಳನ್ನು ಕಲಿಯಲು ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಬೆಳಿಗ್ಗೆ 7ಕ್ಕೆ 40 ಸಲ ಕಳಿಸಿದ್ದೇವೆ, 6 ಸಲ ತೆರೆದಿದ್ದಾರೆ. ಮಧ್ಯಾಹ್ನ 2ಕ್ಕೆ 5 ಸಲ ಕಳಿಸಿದ್ದಕ್ಕೆ 3 ಸಲ. ರಾತ್ರಿ 9ಕ್ಕೆ 6 ಸಲ ಕಳಿಸಿದ್ದಕ್ಕೆ 2 ಸಲ.

ಬರೀ ಎಣಿಸಿದರೆ 7 ಗೆಲ್ಲುತ್ತದೆ, ಆರು ಓಪನ್ ಇದೆಯಲ್ಲ. ಭಾಗಿಸಿದರೆ ಏಳರದ್ದು ನೂರಕ್ಕೆ 15, ಎರಡರದ್ದು ನೂರಕ್ಕೆ 60. ಹಾಗಂತ 2 ಗೆದ್ದಿತು ಅನ್ನಲೂ ಆಗುವುದಿಲ್ಲ. ಐದು ಸಲ ಕಳಿಸಿ ಮೂರು ಸಲ ತೆರೆದದ್ದು ಸುಮ್ನೆ ಅದೃಷ್ಟವೂ ಇರಬಹುದು, ಅಲ್ವಾ? ಒಂದೇ ಸಲ ಕಳಿಸಿ ಅದನ್ನು ತೆರೆದುಬಿಟ್ಟರೆ ನೂರಕ್ಕೆ ನೂರು ಬರುತ್ತದೆ. ಅದನ್ನು ನಂಬಿ ದಿನಾ ಅದೇ ಹೊತ್ತಿಗೆ ಕಳಿಸುವುದು ತಪ್ಪು.

ಇದಕ್ಕೆ ಪರಿಹಾರ, ಉಳಿದವರ ಅನುಭವವನ್ನು ಸ್ವಲ್ಪ ಸಾಲ ತರುವುದು. ಎಲ್ಲ ಬಳಕೆದಾರರೂ ಸೇರಿ ಆ ಗಂಟೆಯಲ್ಲಿ ಸರಾಸರಿ ಎಷ್ಟು ತೆರೆಯುತ್ತಾರೋ ಅದನ್ನು `p` ಅನ್ನೋಣ. ಈ ಅಕ್ಕನಿಗೂ ಆ ಗಂಟೆಗೆ ಇನ್ನೂ ಹತ್ತು ಸಲ ಕಳಿಸಿ, ಸರಾಸರಿಯಷ್ಟೇ ತೆರೆದರು ಅಂತ ಮೊದಲೇ ಬರೆದುಕೊಳ್ಳುವುದು.

```
score = (opens + 10 * p) / (sends + 10)
```

ಎಲ್ಲರ ಸರಾಸರಿ ಏಳಕ್ಕೆ 0.20, ಎರಡಕ್ಕೆ 0.10, ರಾತ್ರಿ ಒಂಬತ್ತಕ್ಕೆ 0.25 ಅಂತ ಹಿಡಿಯೋಣ. ಏಳರದ್ದು (6 + 2) / 50, ಅಂದರೆ 0.16. ಎರಡರದ್ದು (3 + 1) / 15, ಅಂದರೆ ಸುಮಾರು 0.27. ಒಂಬತ್ತರದ್ದು (2 + 2.5) / 16, ಅಂದರೆ 0.28. ಈಗ ಚಿತ್ರ ಬದಲಾಯಿತು. ಏಳು ಹಿಂದೆ ಬಿತ್ತು. ಉಳಿದ ಎರಡರ ನಡುವೆ ಕೂದಲೆಳೆಯ ಅಂತರವಷ್ಟೇ ಇದೆ. ಒಂಬತ್ತನ್ನು ಮೇಲೆತ್ತಿದ್ದು ಊರಿನವರ ಅಭ್ಯಾಸ, ಎರಡನ್ನು ಮೇಲೆತ್ತಿದ್ದು ಅಕ್ಕನದೇ ಅಭ್ಯಾಸ.

ಅಂತರ ಇಷ್ಟು ಕಡಿಮೆ ಇದ್ದಾಗ ಒಂದನ್ನೇ ಹಿಡಿದು ಕೂರಬಾರದು. ಎರಡೂ ಹೊತ್ತಿಗೆ ಇನ್ನೂ ಹತ್ತತ್ತು ಸಲ ಕಳಿಸಿದೆವು ಅನ್ನಿ. ಎರಡು ಗಂಟೆಯದು ಒಟ್ಟು 15ಕ್ಕೆ 8 ಆಯಿತು. ಒಂಬತ್ತರದು 16ಕ್ಕೆ 5 ಆಯಿತು. ಈಗ ಎರಡರ ಅಂಕ 9 / 25, ಅಂದರೆ 0.36. ಒಂಬತ್ತರದು 7.5 / 26, ಅಂದರೆ 0.29. ಮಧ್ಯಾಹ್ನವೇ ಸರಿ ಅಂತ ಈಗ ಧೈರ್ಯವಾಗಿ ಹೇಳಬಹುದು. ಗಮನಿಸಿ, ಅವರದೇ ದಾಖಲೆ ಬೆಳೆದಂತೆ ಆ ಹತ್ತು ಸಾಲದ ತೂಕ ತಾನಾಗೇ ಕರಗುತ್ತಾ ಹೋಗುತ್ತದೆ. ಹೊಸದಾಗಿ ಸೇರಿದವರಿಗೆ ಇದು ತದ್ವಿರುದ್ಧ. ಅವರದು ಸೊನ್ನೆಗೆ ಸೊನ್ನೆ, ಹಾಗಾಗಿ ಅಂಕ ಪೂರ್ತಿ `p` ಆಗಿಬಿಡುತ್ತದೆ. ಅವರಿಗೆ ಎಲ್ಲರಿಗೂ ಹೊಂದುವ ಗಂಟೆಯೇ ಸಿಗುತ್ತದೆ. ಅದಕ್ಕೆಂದು ಬೇರೆ ನಿಯಮ ಬರೆಯುವುದೇ ಬೇಕಿಲ್ಲ.

ಆ ಅಕ್ಕನಿಗೆ ಫೋನ್ ಮಾಡಿ ಬೆಳಿಗ್ಗೆ ಯಾಕೆ ತೆರೆಯುವುದಿಲ್ಲ ಅಂತ ಕೇಳಿದ್ದೆ. "ಏಳಕ್ಕ ರೊಟ್ಟಿ ಬಡಿಯೋ ಹೊತ್ತು ಅಲ್ಲೇನ್ರೀ, ಕೈ ತುಂಬ ಹಿಟ್ಟು ಇರ್ತದ. ಫೋನ್ ಮುಟ್ಲಿಕ್ಕೆ ಎಲ್ಲಿ ಆಗ್ತದ?" ಅಂದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡುತ್ತಾ ಪ್ರಶ್ನೆ ನೋಡುತ್ತಾರಂತೆ.

ಗಂಟೆಗಳ ಸರಾಸರಿ ತೆಗೆದರೆ ಸಾಕಲ್ಲ ಅಂತ ನಮ್ಮ ಜೊತೆಗಾರ ಒಮ್ಮೆ ಕೇಳಿದ. ಆಗುವುದಿಲ್ಲ. ಶಕ್ತಿನಗರದ ಥರ್ಮಲ್ ಸ್ಟೇಷನ್‌ನಂಥ ಕಡೆ ಶಿಫ್ಟ್ ಮೇಲೆ ದುಡಿಯುವವರನ್ನು ತೆಗೆದುಕೊಳ್ಳಿ. ಒಂದು ವಾರ ಬೆಳಿಗ್ಗೆ 6ಕ್ಕೆ ತೆರೆಯುತ್ತಾರೆ, ಇನ್ನೊಂದು ವಾರ ರಾತ್ರಿ 10ಕ್ಕೆ ತೆರೆಯುತ್ತಾರೆ. ಸರಾಸರಿ ಮಧ್ಯಾಹ್ನ 2 ಬರುತ್ತದೆ. ಅವರು ಒಮ್ಮೆಯೂ ತೆರೆಯದ ಹೊತ್ತು ಅದು. ಗಂಟೆ ಅನ್ನುವುದು ದುಂಡಗೆ ಸುತ್ತುವ ವಸ್ತು ಬೇರೆ. ರಾತ್ರಿ 11 ಮತ್ತು 1ರ ನಡುವೆ ಇರುವುದು 12. ಗೆರೆಯ ಮೇಲಿಟ್ಟು 23 ಮತ್ತು 1ರ ಸರಾಸರಿ ತೆಗೆದರೆ ಮಧ್ಯಾಹ್ನ 12 ಬರುತ್ತದೆ. ಅದಕ್ಕೇ ಪ್ರತಿ ಗಂಟೆಗೂ ಬೇರೆ ಅಂಕ ಇಟ್ಟು, ದೊಡ್ಡದನ್ನು ಆರಿಸುವುದು. ಶಿಫ್ಟ್ ಬದಲಾಗುವವರಿಗೆ ಇದೂ ಪೂರ್ತಿ ಸಾಲದು. ಎರಡು ಗಂಟೆಗಳ ಅಂಕ ಹತ್ತಿರ ಹತ್ತಿರ ನಿಂತು ವಾರವಾರ ಅದಲುಬದಲು ಆಗುತ್ತಿದ್ದರೆ, ಅಂಥವರಿಗೆ ಕಳೆದ ಮೂರು ನಾಲ್ಕು ದಿನ ತೆರೆದ ಹೊತ್ತನ್ನು ನೋಡಿ ಕಳಿಸುವುದು ಮೇಲು.

ನಮ್ಮ ಕಡೆ ಬೇಸಿಗೆಯೂ ಈ ಲೆಕ್ಕವನ್ನು ಕೆಡಿಸುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತದೆ. ಆಗ ಅಕ್ಕನಿಗೆ ಊಟದ ಬಿಡುವೇ ಇಲ್ಲ. 2ಕ್ಕೆ ಅವರು ಉರಿಬಿಸಿಲಲ್ಲಿ ಮನೆ ದಾರಿ ಹಿಡಿದಿರುತ್ತಾರೆ. 90 ದಿನದ ದಾಖಲೆ ಮಾತ್ರ ಜನವರಿ, ಫೆಬ್ರವರಿಯನ್ನೇ ನೆನೆಯುತ್ತಾ 2, 2 ಅನ್ನುತ್ತಿರುತ್ತದೆ. ಹಾಗಾಗಿ ಹಳೆಯ ದಿನಗಳಿಗೆ ತೂಕ ಕಡಿಮೆ ಮಾಡಬೇಕು. 30 ದಿನ ಹಳೆಯ ಸಲವನ್ನು ಅರ್ಧ ಅಂತ, 60 ದಿನದ್ದನ್ನು ಕಾಲು ಅಂತ ಎಣಿಸಿದರೆ ಲೆಕ್ಕ ಬೇಗ ಹೊರಳುತ್ತದೆ. ತೂಕವನ್ನು ಕಳಿಸಿದ್ದಕ್ಕೂ ತೆರೆದದ್ದಕ್ಕೂ ಒಂದೇ ಥರ ಹಾಕಬೇಕು. ಒಂದಕ್ಕೆ ಮಾತ್ರ ಹಾಕಿದರೆ ಅಂಕಕ್ಕೆ ಅರ್ಥವೇ ಇರುವುದಿಲ್ಲ. ಪರೀಕ್ಷಿಸುವ ಕಳಿಸುವಿಕೆಯನ್ನೂ ಪೂರ್ತಿ ನಿಲ್ಲಿಸಬಾರದು, ಹತ್ತಕ್ಕೊಂದಾದರೂ ನಡೆಯುತ್ತಿರಲಿ. ಇಲ್ಲದಿದ್ದರೆ ಅವರ ದಿನಚರಿ ಬದಲಾದದ್ದು ನಮಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ತೊಡಕು ಫೋನಿನದ್ದು. ರಾತ್ರಿ ಡೇಟಾ ಆಫ್ ಮಾಡಿ ಮಲಗುವವರು ಬಹಳ ಇದ್ದಾರೆ. ಆಂಡ್ರಾಯ್ಡ್ ಕೂಡ ಸುಮ್ನೆ ಬಿದ್ದಿರುವ ಫೋನಿಗೆ ಸಾಧಾರಣ ನೋಟಿಫಿಕೇಶನ್‌ಗಳನ್ನು ತಡ ಮಾಡಿ ಕೊಡುತ್ತದೆ. ನಮ್ಮ ದಾಖಲೆಯಲ್ಲಿ 9ಕ್ಕೆ ಕಳಿಸಿದ್ದು, ಅವರ ಕೈಗೆ ಸಿಕ್ಕಿದ್ದು ಬೆಳಿಗ್ಗೆ 6ಕ್ಕೆ. ಅಂಥದ್ದು ಒಂಬತ್ತರ ಲೆಕ್ಕದಲ್ಲಿ ಸೋಲು ಅಂತ ಬೀಳುತ್ತದೆ. ಆ್ಯಪ್‌ನಿಂದ ತಲುಪಿದ ಸಮಯ ಬರೆದುಕೊಳ್ಳಲು ಸಾಧ್ಯವಿದ್ದರೆ `sent_at` ಬದಲು ಅದನ್ನೇ ಬಳಸಿ. ಮಧ್ಯರಾತ್ರಿ 1ಕ್ಕೆ ಚೆನ್ನಾಗಿ ತೆರೆಯುತ್ತಾರೆ ಅಂತ ಲೆಕ್ಕ ಹೇಳಿದರೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಾವು ಕಳಿಸುವುದಿಲ್ಲ. ನಿದ್ದೆಗೆಡಿಸುವ ಹಕ್ಕು ನಮಗಿಲ್ಲ.

ಕೊನೆಗೆ, ಇದರಿಂದ ನಿಜಕ್ಕೂ ಉಪಯೋಗ ಆಯಿತೇ ಅಂತ ನೋಡುವ ಬಗೆ. ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಬೇಡಿ. ನಡುವೆ ಪರೀಕ್ಷೆಯ ದಿನಾಂಕ ಪ್ರಕಟವಾಗಿದ್ದರೆ ಎಲ್ಲರೂ ಹೇಗೂ ಜಾಸ್ತಿ ತೆರೆಯುತ್ತಾರೆ. ಐದು ಜನರಲ್ಲಿ ಒಬ್ಬರನ್ನು ಚೀಟಿ ಎತ್ತಿ ಏಳು ಗಂಟೆಯಲ್ಲೇ ಉಳಿಸಿ, ಎರಡೂ ಗುಂಪನ್ನು ಅದೇ ದಿನಗಳಲ್ಲಿ ಹೋಲಿಸಿ. ಹೋಲಿಸುವಾಗ ಒಂದು ಗಂಟೆಯೊಳಗಿನ ಓಪನ್ ನೋಡಬೇಡಿ, 24 ಗಂಟೆಯೊಳಗಿನದನ್ನು ನೋಡಿ. ಒಂದು ಗಂಟೆಯ ಅಳತೆ ಗಂಟೆ ಆರಿಸಲು ಸರಿ. ಆದರೆ ಏಳಕ್ಕೆ ಕಳಿಸಿದರೂ ಅಕ್ಕ ಎರಡಕ್ಕೆ ತೆರೆಯುತ್ತಿದ್ದರು ಅನ್ನಿ. ಈಗ ಎರಡಕ್ಕೇ ಕಳಿಸಿದ್ದರಿಂದ ಒಂದು ಗಂಟೆಯ ಅಂಕಿ ಚಂದ ಏರುತ್ತದೆ, ಓದಿದ ಪ್ರಶ್ನೆ ಮಾತ್ರ ಒಂದೂ ಹೆಚ್ಚಿರುವುದಿಲ್ಲ. ನಾವು ಓಪನ್ ಜೊತೆಗೆ ಉತ್ತರ ಬರೆದವರನ್ನೂ ಎಣಿಸುತ್ತೇವೆ. ಎರಡೂ ಗುಂಪಿನಲ್ಲಿ ಉತ್ತರ ಬರೆದವರ ಪ್ರಮಾಣ ಒಂದೇ ಇದ್ದರೆ, ಗಂಟೆ ಬದಲಿಸಿದ್ದು ಅವರ ಓದಿಗೆ ಏನನ್ನೂ ಸೇರಿಸಿಲ್ಲ ಅಂತಲೇ ಬರೆದುಕೊಳ್ಳುತ್ತೇವೆ.