ಪದ ಪರಿಚಯ: ಲೈನ್ ಬ್ರೇಕ್ (ಜೊತೆಗೆ ಅದರ ಪಕ್ಕದಲ್ಲಿ ಕೂರುವ ಇಮೋಜಿ)

ದಾವಣಗೆರೆಯ ಗುಂಡಿ ಸರ್ಕಲ್ ಹತ್ತಿರ ನಮ್ಮ ಚಿಕ್ಕಪ್ಪನ ಮಗಳು ಮಿರ್ಚಿ-ಮಂಡಕ್ಕಿ ಅಂಗಡಿ ಹಾಕಿದಳು. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಹಾಕಿ, ಕೆಳಗೆ ಹೀಗೆ ಬರೆದಿದ್ದಳು:

```
🔥🔥🔥 ದಾವಣಗೆರೆಯ ❤️ ಗುಂಡಿ ಸರ್ಕಲ್ 📍 ಹತ್ತಿರ ಇರುವ ನಮ್ಮ ಅಂಗಡಿಯಲ್ಲಿ 🏪 ಇದೇ ಭಾನುವಾರದಿಂದ 🗓️ ಸಂಜೆ 4ರಿಂದ 9ರವರೆಗೆ ⏰ ಎರಡು 🌶️ಗೆ ಒಂದು ಪ್ಲೇಟ್ ಮಂಡಕ್ಕಿ 🍿🍿 ಫ್ರೀ ಸಿಗುತ್ತದೆ 😋😋😋
.
.
.
ಎಲ್ಲರೂ ಬನ್ನಿ 🙏🙏🙏
```

"ಕಣ್ಣಿಗೆ ಬೀಳ್ಲಿ ಅಂತ ಹಾಕೀನಿ ಅಣ್ಣ, ತಪ್ಪೇನೈತಿ?" ಅಂದಳು. ತಪ್ಪು ಇಮೋಜಿಯದ್ದಲ್ಲ, ಜಾಗದ್ದು. ಅದನ್ನು ಬಿಡಿಸಿ ಹೇಳಬೇಕಾದರೆ ಮೊದಲು ಲೈನ್ ಬ್ರೇಕ್ ಅಂದರೆ ಏನು ಅಂತ ನೋಡಬೇಕು.

ಬರೆಯುವಾಗ ನಾವೇ ಎಂಟರ್ ಒತ್ತಿ ಹೊಸ ಸಾಲು ಶುರು ಮಾಡಿದರೆ ಅದು ಲೈನ್ ಬ್ರೇಕ್. ಸಾಲು ಉದ್ದವಾಗಿ ಪರದೆಯಲ್ಲಿ ಜಾಗ ಸಾಲದೆ ಫೋನೇ ಮುಂದಿನ ಸಾಲಿಗೆ ಇಳಿಸಿದರೆ ಅದು ಬ್ರೇಕ್ ಅಲ್ಲ, ಮಡಚಿಕೊಂಡದ್ದು. ನೋಡಲು ಎರಡೂ ಒಂದೇ ಥರ ಕಾಣುತ್ತವೆ. ಗೋಜಲು ಹುಟ್ಟುವುದು ಇಲ್ಲೇ. ಎಷ್ಟೋ ಜನ ತಮ್ಮ ಫೋನಿನಲ್ಲಿ ಸಾಲು ಎಲ್ಲಿ ಮಡಚುತ್ತದೋ ಸರಿಯಾಗಿ ಅಲ್ಲೇ ಎಂಟರ್ ಒತ್ತುತ್ತಾರೆ. ಅವರ ಫೋನಿನಲ್ಲಿ ನೀಟಾಗಿ ಕಾಣುತ್ತದೆ. ಅದೇ ಕ್ಯಾಪ್ಷನ್ಅನ್ನು ಅಕ್ಷರ ದೊಡ್ಡದು ಮಾಡಿಕೊಂಡಿರುವ ನಮ್ಮ ಚಿಕ್ಕಮ್ಮನ ಫೋನಿನಲ್ಲಿ ನೋಡಿ. ಒಂದು ಉದ್ದ ಸಾಲು, ಅದರ ಕೆಳಗೆ ಒಂಟಿ ಪದ, ಮತ್ತೆ ಉದ್ದ ಸಾಲು, ಮತ್ತೆ ಒಂಟಿ ಪದ. ಅದಕ್ಕೇ ಬ್ರೇಕ್ ಹಾಕುವಾಗ ಸಾಲಿನ ಉದ್ದ ನೋಡಬಾರದು, ಮಾತು ಎಲ್ಲಿ ತಿರುಗುತ್ತದೆ ಅಂತ ನೋಡಬೇಕು. ಏನು ಸಿಗುತ್ತದೆ ಅನ್ನುವುದು ಮುಗಿದು ಎಲ್ಲಿ ಸಿಗುತ್ತದೆ ಅನ್ನುವುದು ಶುರುವಾಯಿತಾ? ಅಲ್ಲಿ ಎಂಟರ್. ಎರಡು ಸಲ ಒತ್ತಿದರೆ ನಡುವೆ ಒಂದು ಖಾಲಿ ಸಾಲು ಬರುತ್ತದೆ. ಅದಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ಹಾಗಂತ ವಾಕ್ಯಕ್ಕೊಂದು ಎಂಟರ್ ಒತ್ತಿದರೂ ಕೆಡುತ್ತದೆ. ಎಲ್ಲ ಸಾಲೂ ಬಿಡಿ ಬಿಡಿಯಾಗಿ ನಿಂತರೆ ಯಾವುದು ಯಾವುದಕ್ಕೆ ಸೇರಿದ್ದು ಅಂತ ಓದುವವರಿಗೆ ಗೊತ್ತಾಗಲ್ಲ.

ಮೊದಲ ಸಾಲಿನ ಕಥೆ ಬೇರೆ. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ನಲ್ಲಿ 2,200 ಅಕ್ಷರದವರೆಗೆ ಬರೆಯಬಹುದು. ಆದರೆ ಫೀಡ್‌ನಲ್ಲಿ ಕಾಣುವುದು ಶುರುವಿನ ಒಂದೆರಡು ಸಾಲು ಮಾತ್ರ, ಆಮೇಲೆ `… more` ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ 125 ಅಕ್ಷರ ಅಂತ ಒಂದು ಲೆಕ್ಕ ಹೇಳುತ್ತಾರೆ. ಅದು ನಮಗೆ ಹೊಂದುವುದಿಲ್ಲ. "ಮಿರ್ಚಿ" ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್ ಮಾತ್ರ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಸಿ ಆರು ಅನ್ನುತ್ತದೆ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ವಾಕ್ಯದ್ದು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಎಲ್ಲಿ, ಯಾವಾಗ, ಎಷ್ಟು ಹೊತ್ತಿಗೆ ಎಲ್ಲ ಹೇಳಿ ಮುಗಿಸಿದ ಮೇಲೆ "ಸಿಗುತ್ತದೆ" ಅನ್ನುತ್ತೇವೆ. ತಂಗಿಯ ಕ್ಯಾಪ್ಷನ್ ಮತ್ತೆ ನೋಡಿ. ಫೀಡ್‌ನಲ್ಲಿ ಕಾಣುತ್ತಿದ್ದದ್ದು ಮೂರು ಬೆಂಕಿ, ಒಂದು ಹೃದಯ, ಗುಂಡಿ ಸರ್ಕಲ್, ನಮ್ಮ ಅಂಗಡಿ, ಅಷ್ಟೇ. ಏನು ಅಂಗಡಿ, ಏನು ಫ್ರೀ ಅನ್ನುವುದೆಲ್ಲ `… more` ಹಿಂದೆ ಅಡಗಿತ್ತು. ಆದ್ದರಿಂದ ಮೊದಲ ಸಾಲು ನಾಲ್ಕೈದು ಪದದಲ್ಲೇ ಮುಗಿಯುವ ಪೂರ್ತಿ ಮಾತಾಗಿರಬೇಕು. "ಶುರು", "ಬಂತು", "ರೆಡಿ" ಥರದ ಒಂದು ಪದದಲ್ಲಿ ಮುಗಿಸಿ ಅಲ್ಲೇ ಬ್ರೇಕ್ ಹಾಕಿದರೆ ಸಾಕು.

ಇನ್ನು ಇಮೋಜಿ. ಇದು ಜಪಾನಿ ಪದ. "ಇ" ಅಂದರೆ ಚಿತ್ರ, "ಮೋಜಿ" ಅಂದರೆ ಅಕ್ಷರ. ಇಂಗ್ಲಿಷಿನ ಎಮೋಷನ್‌ಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಕಿವಿಗೆ ಹಾಗೆ ಕೇಳಿಸುತ್ತದೆ. ಚಿತ್ರಾಕ್ಷರ ಅಂತ ಹೆಸರಿದ್ದರೂ ಕನ್ನಡ ವಾಕ್ಯದೊಳಗೆ ಅದನ್ನು ಅಕ್ಷರದ ಬದಲು ಹಾಕಿದರೆ ಎಡವುತ್ತದೆ. "ಎರಡು 🌶️ಗೆ" ಅನ್ನುವುದನ್ನು ಹೇಗೆ ಓದೋಣ? ಮೆಣಸಿನಕಾಯಿಗೋ ಮಿರ್ಚಿಗೋ? ನಮ್ಮೂರಲ್ಲಿ ಮಿರ್ಚಿ ಅಂದರೆ ಕರಿದ ಬಜ್ಜಿ, ಚಿತ್ರದಲ್ಲಿರುವುದು ಹಸಿ ಕಾಯಿ! ❤️ ಮುಂದೆ ವಿಭಕ್ತಿ ಹಚ್ಚುವುದಂತೂ ಇನ್ನೂ ಕಷ್ಟ. ಹೃದಯ ಅಂತ ಓದಿಕೊಂಡರೆ "ಕ್ಕೆ" ಬೇಕು, ಪ್ರೀತಿ ಅಂತ ಓದಿಕೊಂಡರೆ "ಗೆ" ಬೇಕು. ನಮ್ಮ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುವುದರಿಂದ ಪದ ತೆಗೆದು ಚಿತ್ರ ಇಟ್ಟರೆ ಬಾಲ ಮಾತ್ರ ಉಳಿದಂತೆ ಆಗುತ್ತದೆ.

ಹಾಗಾದರೆ ಎಲ್ಲಿ ಇಡಬೇಕು? ಎರಡೇ ಜಾಗ. ಒಂದು, ಮಾತು ಮುಗಿದ ಮೇಲೆ ಸಾಲಿನ ಕೊನೆಗೆ. ಇನ್ನೊಂದು, ವಿಳಾಸ ಮತ್ತು ಸಮಯದ ಸಾಲಿನ ಶುರುವಿಗೆ. ಅಲ್ಲಿ 📍 "ಸ್ಥಳ" ಅನ್ನುವ ಪದದ ಕೆಲಸ ಮಾಡುತ್ತದೆ. ಹಾಗೆ ಇಟ್ಟ ಮೇಲೆ "📍 ಸ್ಥಳ:" ಅಂತ ಬರೆದರೆ ಒಂದೇ ಮಾತು ಎರಡು ಸಲ ಹೇಳಿದಂತೆ. ಮಂಡಕ್ಕಿಗೆ ಇಮೋಜಿ ಇಲ್ಲ ಅಂತ ಪಾಪ್‌ಕಾರ್ನ್ ಹಾಕಿದ್ದಳು. ದಾವಣಗೆರೆಯವಳಾಗಿ ಅದನ್ನು ಮಾಡಬಾರದಿತ್ತು.

ಆ ಮೂರು ಚುಕ್ಕಿ ಹಳೇ ಕಾಲದ ಅಭ್ಯಾಸ. ಮೊದಲು ಇನ್‌ಸ್ಟಾಗ್ರಾಮ್‌ನಲ್ಲಿ ಖಾಲಿ ಸಾಲು ಬಿಟ್ಟರೂ ಪೋಸ್ಟ್ ಆದಮೇಲೆ ಉಳಿಯುತ್ತಿರಲಿಲ್ಲ. ಜಾಗ ಹಿಡಿದಿಡಲು ಜನ ಸಾಲಿಗೊಂದು ಚುಕ್ಕಿ ಇಡುತ್ತಿದ್ದರು. ಈಗ ಖಾಲಿ ಸಾಲು ಹಾಗೇ ಉಳಿಯುತ್ತದೆ. ಚುಕ್ಕಿಗೆ ಕೆಲಸ ಇಲ್ಲ, ಕ್ಯಾಪ್ಷನ್ಅನ್ನು ಉದ್ದ ಮಾಡುವುದಷ್ಟೇ.

ಕ್ಯಾಪ್ಷನ್ ತುಂಬಿಹೋಗಿದೆಯಾ ಅಂತ ತಿಳಿಯಲು ಎರಡು ಪರೀಕ್ಷೆ ಮಾಡಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ ಒಮ್ಮೆ ನೋಡಿ. ಆಮೇಲೆ ಕ್ಯಾಪ್ಷನ್ಅನ್ನು ಜೋರಾಗಿ ಓದಿ, ಇಮೋಜಿ ಬಂದಾಗ ಅದರ ಹೆಸರನ್ನೂ ಹೇಳಿ. ಕಣ್ಣು ಕಾಣದವರಿಗೆ ಫೋನಿನ ಟಾಕ್‌ಬ್ಯಾಕ್ ಓದುವುದು ಹೆಚ್ಚುಕಮ್ಮಿ ಹೀಗೇ. ತಂಗಿಗೆ ಓದಲು ಹೇಳಿದೆ. "ಬೆಂಕಿ ಬೆಂಕಿ ಬೆಂಕಿ ದಾವಣಗೆರೆಯ ಹೃದಯ ಗುಂಡಿ ಸರ್ಕಲ್ ಪಿನ್ನು..." ಅನ್ನುವಷ್ಟರಲ್ಲಿ ಅವಳಿಗೇ ನಗು ಬಂತು. ಕುಳಿತು ತಿದ್ದಿದ ಮೇಲೆ ಹೀಗಾಯಿತು:

```
ಮಿರ್ಚಿ-ಮಂಡಕ್ಕಿ ಭಾನುವಾರದಿಂದ ಶುರು 🌶️

ಎರಡು ಮಿರ್ಚಿ ತಗೊಂಡ್ರೆ ಒಂದು ಪ್ಲೇಟ್ ಮಂಡಕ್ಕಿ ಫ್ರೀ. ಈರುಳ್ಳಿ, ನಿಂಬೆಹಣ್ಣು ಎಷ್ಟು ಬೇಕೋ ಅಷ್ಟು.

📍 ಗುಂಡಿ ಸರ್ಕಲ್ ಹತ್ತಿರ
⏰ ಸಂಜೆ 4ರಿಂದ 9
```

ಹದಿನೇಳು ಇಮೋಜಿ ಇದ್ದದ್ದು ಮೂರಕ್ಕೆ ಇಳಿಯಿತು. ವಿಳಾಸ ಮತ್ತು ಸಮಯದ ನಡುವೆ ಖಾಲಿ ಸಾಲು ಬಿಟ್ಟಿಲ್ಲ, ಯಾಕಂದ್ರೆ ಎರಡೂ ಒಂದೇ ಗುಂಪಿನ ಮಾತು. "ಎಲ್ಲರೂ ಬನ್ನಿ" ತೆಗೆದದ್ದಕ್ಕೆ ಅವಳಿಗೆ ಸ್ವಲ್ಪ ಬೇಜಾರಾಯಿತು. ಬೇಕಿದ್ದರೆ ಕೊನೆಗೆ ಒಂದು 🙏 ಜೊತೆ ಇಟ್ಟುಕೋ, ಒಂದೇ ಒಂದು, ಅಂದೆ. ಬೆಂಕಿಗಳನ್ನೆಲ್ಲ ಈಗ ಗಿರಾಕಿಗಳ ಕಾಮೆಂಟಿಗೆ ಉತ್ತರ ಕೊಡುವಾಗ ಹಾಕುತ್ತಾಳೆ. ಅಲ್ಲಿ ನಾನು ತಲೆ ಹಾಕಲ್ಲ.