ಬಿಳಿ ಗೂಡು ಒಮ್ಮೆ ಸುಣ್ಣ, ಒಮ್ಮೆ ಬೂದಿ: ಬಿಸಿಲಿನಲ್ಲಿ ಫೋನಿನ ಫೋಟೊ ಕೆಡುವುದೇಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಯುವ ಮನೆ. ದ್ವಿತಳಿಯ ಬಿಳಿ ಗೂಡಿನ ಫೋಟೊ ತೆಗೆದು ಪರಿಚಯದ ರೀಲರ್‌ಗಳಿಗೆ ಕಳುಹಿಸುತ್ತೇನೆ. ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟಿಯಾದ ಚಂದ್ರಿಕೆಯನ್ನು ಅಂಗಳದಲ್ಲಿ ನಿಲ್ಲಿಸಿ ತೆಗೆದ ಫೋಟೊದಲ್ಲಿ ಗೂಡುಗಳು ಸುಣ್ಣ ಬಳಿದಂತೆ ಕಾಣುತ್ತವೆ. ಅದೇ ಗೂಡನ್ನು ಬಿಡಿಸಿ, ಮೊರದಲ್ಲಿ ಹರವಿ, ಹತ್ತಿರದಿಂದ ತೆಗೆದರೆ ಬೂದಿಯ ಬಣ್ಣ ಬರುತ್ತದೆ. ಬಿಸಿಲೂ ಅದೇ, ಫೋನೂ ಅದೇ. ಹೀಗೇಕೆ ಆಗುತ್ತದೆ?

ಉತ್ತರ: ನೀವು ಹೇಳಿರುವ ಎರಡು ದೋಷಗಳಿಗೂ ಕಾರಣ ಒಂದೇ. ಎದುರಿಗಿರುವುದು ಗೂಡೋ ಇದ್ದಿಲೋ ಎಂಬುದನ್ನು ಫೋನಿನ ಬೆಳಕಿನ ಅಳತೆ ವಿಚಾರಿಸುವುದಿಲ್ಲ. ಚೌಕಟ್ಟಿನೊಳಗೆ ಬಿದ್ದ ಬೆಳಕನ್ನು ಅಳೆದು, ಒಟ್ಟು ಚಿತ್ರ ಹೆಚ್ಚು ಕಡಿಮೆ ನಡುಮಟ್ಟದ ಬೂದು ಬಣ್ಣದಷ್ಟು ಪ್ರಕಾಶಮಾನವಾಗಿರಲಿ ಎಂದು ಅದು ನಿರ್ಧರಿಸುತ್ತದೆ. ಮೊರದ ತುಂಬ ಬಿಳಿಯೇ ಇದ್ದಾಗ ಆ ಬಿಳಿಯನ್ನೇ ಬೂದಿಗೆ ಇಳಿಸುತ್ತದೆ. ಚಂದ್ರಿಕೆಯ ಪಕ್ಕದಲ್ಲಿ ಕತ್ತಲೆಯ ಬಾಗಿಲು, ನೆರಳಿನ ಗೋಡೆ ಹೆಚ್ಚು ಜಾಗ ಹಿಡಿದಿದ್ದಾಗ ಆ ಕತ್ತಲೆಯನ್ನು ಮೇಲೆತ್ತಲು ಹೋಗಿ, ಬಿಸಿಲಿನಲ್ಲಿರುವ ಗೂಡುಗಳನ್ನು ಸುಟ್ಟುಬಿಡುತ್ತದೆ. ಈಚಿನ ಫೋನುಗಳು ಮುಖ, ಆಕಾಶ ಮುಂತಾದವನ್ನು ಗುರುತಿಸಿ ಈ ಲೆಕ್ಕವನ್ನು ಸ್ವಲ್ಪ ತಿದ್ದಿಕೊಳ್ಳುತ್ತವೆ. ಆದರೆ ಬಿಳಿ ಗೂಡು ಬಿಳಿಯಾಗಿಯೇ ಕಾಣಬೇಕೆಂಬುದು ಅವುಗಳಿಗೆ ಗೊತ್ತಾಗುವುದು ಅಪರೂಪ.

ಈ ಲೆಕ್ಕವನ್ನು ನೀವೇ ತಿದ್ದುವ ವಿಧಾನಕ್ಕೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎನ್ನುತ್ತಾರೆ. ಪರದೆಯ ಮೇಲೆ ಗೂಡನ್ನು ಮುಟ್ಟಿದಾಗ ಪಕ್ಕದಲ್ಲಿ ಒಂದು ಪುಟ್ಟ ಸೂರ್ಯನ ಗುರುತು ಕಾಣಿಸಿಕೊಳ್ಳುತ್ತದಲ್ಲ, ಅದನ್ನು ಮೇಲಕ್ಕೆ ಅಥವಾ ಕೆಳಕ್ಕೆ ಸರಿಸುವುದೇ ಇದು. ಹಲವು ಫೋನುಗಳ ಪ್ರೊ ಮೋಡಿನಲ್ಲಿ EV ಎಂಬ ಹೆಸರಿನಲ್ಲಿ ಅಂಕಿಯೊಂದಿಗೆ ಸಿಗುತ್ತದೆ. ಒಂದು ಅಂಕಿ ಮೇಲಕ್ಕೆ ಹೋದರೆ ಚಿತ್ರಕ್ಕೆ ಸೇರುವ ಬೆಳಕು ಎರಡರಷ್ಟಾಗುತ್ತದೆ, ಒಂದು ಅಂಕಿ ಕೆಳಗಿಳಿದರೆ ಅರ್ಧವಾಗುತ್ತದೆ. ನಡುವೆ ಸಾಮಾನ್ಯವಾಗಿ 0.3, 0.7 ಎಂಬ ಮೆಟ್ಟಿಲುಗಳಿರುತ್ತವೆ. ಬಹುತೇಕ ಫೋನುಗಳ ಲೆನ್ಸಿನ ಕಿಂಡಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕಡುಬಿಸಿಲಿನಲ್ಲಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂದು ಹೇಳುವ ಐಎಸ್‌ಒ ಮೊದಲೇ ತಳಮಟ್ಟದಲ್ಲಿರುವುದರಿಂದ ಬದಲಾಗುವುದು ಶಟರ್ ವೇಗ ಮಾತ್ರ. ಸೆಕೆಂಡಿನ 1/1000 ಭಾಗ ತೆರೆದಿರುತ್ತಿದ್ದುದು −1 ಕೊಟ್ಟಾಗ 1/2000 ಭಾಗಕ್ಕೆ ಇಳಿಯುತ್ತದೆ.

ಎಷ್ಟು ಸರಿಸಬೇಕು ಎಂಬುದನ್ನು ಪರದೆ ನೋಡಿ ತೀರ್ಮಾನಿಸುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಬಿಸಿಲಿನಲ್ಲಿ ಪರದೆ ಮಂಕಾಗಿ ಕಾಣುತ್ತದೆ, ಚಿತ್ರ ಕತ್ತಲಾಗಿದೆಯೆಂದು ನಾವು ಬೆಳಕನ್ನು ಏರಿಸುತ್ತೇವೆ, ಮನೆಯೊಳಗೆ ಬಂದು ನೋಡಿದರೆ ಎಲ್ಲವೂ ತೊಳೆದಿಟ್ಟಂತಿರುತ್ತದೆ. ಹಿಸ್ಟೋಗ್ರಾಂ ಪರದೆಯ ಹೊಳಪನ್ನು ಅವಲಂಬಿಸಿಲ್ಲ. ಅದೊಂದು ಗುಡ್ಡದ ಆಕಾರದ ಪುಟ್ಟ ನಕ್ಷೆ. ಎಡತುದಿ ಅಪ್ಪಟ ಕಪ್ಪು, ಅದರ ಅಂಕಿ 0. ಬಲತುದಿ ಅಪ್ಪಟ ಬಿಳಿ, ಅದರ ಅಂಕಿ 255. ಚಿತ್ರದಲ್ಲಿ ಯಾವ ಮಟ್ಟದ ಬೆಳಕಿನ ಚುಕ್ಕೆಗಳು ಹೆಚ್ಚಿವೆಯೋ ಅಲ್ಲಿ ಗುಡ್ಡ ಎತ್ತರವಾಗಿರುತ್ತದೆ. ಗುಡ್ಡ ನಡುವೆಯೇ ಇರಬೇಕು ಎಂಬ ಮಾತನ್ನು ಆಗಾಗ ಕೇಳುತ್ತೇವೆ; ನನ್ನ ಮಟ್ಟಿಗೆ ಅದು ದಾರಿ ತಪ್ಪಿಸುವ ಸಲಹೆ. ಮೊರದ ಗೂಡು ಬೂದಿಯಾಗುವುದೇ ಗುಡ್ಡ ನಡುವೆ ಬಂದು ಕೂತಾಗ. ಗಮನಿಸಬೇಕಾದುದು ತುದಿಗಳನ್ನು, ಅದರಲ್ಲೂ ಬಲತುದಿಯನ್ನು.

ಎಲ್ಲ ಫೋನುಗಳ ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ ಇರುವುದಿಲ್ಲ. ಐಫೋನಿನ ಸ್ವಂತ ಕ್ಯಾಮೆರಾ ಅದನ್ನು ತೋರಿಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ Open Camera ಎಂಬ ಉಚಿತ ಆ್ಯಪ್ ಹಾಕಿಕೊಂಡು, ಸೆಟ್ಟಿಂಗಿನಲ್ಲಿ ಹಿಸ್ಟೋಗ್ರಾಂ ಆನ್ ಮಾಡಿದರೆ ಚಿತ್ರ ತೆಗೆಯುವ ಮೊದಲೇ ಅದು ಪರದೆಯ ಮೇಲೆ ಕಾಣುತ್ತದೆ.

ನಿಮ್ಮ ಪ್ರಶ್ನೆ ಓದಿದ ಮೇಲೆ, ಪರಿಚಯದವರೊಬ್ಬರ ಅಂಗಳದಲ್ಲಿ ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ಇದನ್ನೇ ಮಾಡಿ ನೋಡಿದೆ. ಚಂದ್ರಿಕೆಯನ್ನು ಗೋಡೆಗೆ ಒರಗಿಸಿತ್ತು, ಪಕ್ಕದಲ್ಲಿ ಕೊಟ್ಟಿಗೆಯ ತೆರೆದ ಬಾಗಿಲು. ಚೌಕಟ್ಟಿನಲ್ಲಿ ಗೂಡಿನ ಪಾಲು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ನೆರಳು. ಹಿಸ್ಟೋಗ್ರಾಂನ ಎಡಕ್ಕೆ ದೊಡ್ಡ ಗುಡ್ಡ. ಬಲಕ್ಕೆ ಸೂಜಿಯಂತಹ ಒಂದು ಗೆರೆ, ಅಂಚಿಗೆ ಅಂಟಿಕೊಂಡಿತ್ತು. ಆ ಸೂಜಿಯೇ ನಮ್ಮ ಗೂಡುಗಳು. −0.7ಕ್ಕೆ ಇಳಿಸಿದಾಗಲೂ ಅಂಟಿಕೊಂಡೇ ಇತ್ತು. −1.3ಕ್ಕೆ ಬಂದಾಗ ಸೂಜಿ ಅಂಚನ್ನು ಬಿಟ್ಟು, ಸ್ವಲ್ಪ ಒಳಗೆ ಸರಿದು, ಸಣ್ಣ ದಿಬ್ಬದಂತೆ ಹರಡಿತು. ಆಗ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಗೂಡಿನ ಮೈಮೇಲಿನ ಸಣ್ಣ ಏರಿಳಿತ, ಅದನ್ನು ಬಿದಿರಿಗೆ ಹಿಡಿದಿರುವ ಸಡಿಲ ನೂಲಿನ ಎಳೆಗಳು ಎರಡೂ ಕಂಡವು. ಕೊಟ್ಟಿಗೆಯ ಒಳಗು ಪೂರ್ತಿ ಕಪ್ಪಾಯಿತು. ಗೂಡು ನೋಡುವವರಿಗೆ ಕೊಟ್ಟಿಗೆ ಬೇಕಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಟ್ಟೆ.

ಮೊರದ ಚಿತ್ರದಲ್ಲಿ ಇದಕ್ಕೆ ತದ್ವಿರುದ್ಧವಾಗಿತ್ತು. ಒಂದೇ ಗುಡ್ಡ, ನಟ್ಟನಡುವೆ. ಬಲಕ್ಕೆ ಮೂರನೆಯ ಒಂದು ಭಾಗದಷ್ಟು ಜಾಗ ಖಾಲಿ. +0.7 ಕೊಟ್ಟಾಗ ಗುಡ್ಡ ಬಲಕ್ಕೆ ಸರಿಯಿತು, +1ಕ್ಕೆ ಅಂಚಿನ ಹತ್ತಿರ ಬಂದು ನಿಂತಿತು, ಗೂಡು ಗೂಡಿನ ಬಣ್ಣಕ್ಕೆ ಬಂತು. +1.3ಕ್ಕೆ ತುದಿ ಅಂಚಿಗೆ ತಾಗಿದ್ದರಿಂದ ಒಂದು ಮೆಟ್ಟಿಲು ಹಿಂದೆ ಬಂದೆ. ಬಿಳಿ ವಸ್ತುವಿಗೆ ಬೆಳಕನ್ನು ಕೂಡಿಸುವುದು ಮೊದಲ ಸಲ ವಿಚಿತ್ರವೆನಿಸುತ್ತದೆ, ಆದರೆ ಫೋನು ಕಳೆದದ್ದನ್ನು ನಾವು ಹಿಂದಿರುಗಿಸುತ್ತಿದ್ದೇವೆ, ಅಷ್ಟೇ.

ಬಲತುದಿಗೆ ಇಷ್ಟು ಹೆದರುವುದೇಕೆಂದರೆ, 255ಕ್ಕೆ ಮುಟ್ಟಿದ ಚುಕ್ಕೆಗಳಲ್ಲಿ ಯಾವ ವಿವರವೂ ಉಳಿದಿರುವುದಿಲ್ಲ. ಆಮೇಲೆ ಎಡಿಟ್ ಮಾಡಿ ಬೆಳಕನ್ನು ಇಳಿಸಿದರೆ ಬಿಳಿಯ ತೇಪೆ ಬೂದಿಯ ತೇಪೆಯಾಗುತ್ತದೆಯೇ ಹೊರತು ನೂಲು ಮರಳಿ ಬರುವುದಿಲ್ಲ. ಕತ್ತಲೆಯ ಭಾಗವನ್ನು ಮಾತ್ರ, ಸ್ವಲ್ಪ ಕಾಳು ಕಾಳಾದರೂ, ಮೇಲೆತ್ತಬಹುದು. ಆದ್ದರಿಂದ ಸಂದೇಹವಿದ್ದಾಗ ಒಂದು ಮೆಟ್ಟಿಲು ಕೆಳಗೇ ಇರಿ. ಇದಕ್ಕೊಂದು ವಿನಾಯಿತಿಯಿದೆ: ಚೌಕಟ್ಟಿನಲ್ಲಿ ಸ್ಟೀಲಿನ ಬಿಂದಿಗೆಯಿದ್ದು ಅದರ ಮೇಲೆ ಸೂರ್ಯ ಮಿಂಚುತ್ತಿದ್ದರೆ, ಆ ಚುಕ್ಕೆ ಅಂಚಿಗೆ ತಾಗಿದರೆ ತಾಗಲಿ. ಅದನ್ನು ಉಳಿಸಲು ಹೋದರೆ ಉಳಿದ ಚಿತ್ರ ಮುಳುಗುತ್ತದೆ.

ಕೈ ತಪ್ಪುವ ಇನ್ನೊಂದು ಜಾಗವಿದೆ. ಸೂರ್ಯನ ಗುರುತನ್ನು ಸರಿಸಿದ ಮೇಲೆ ಫೋನನ್ನು ಅಲುಗಿಸಿದರೆ ಹಲವು ಕ್ಯಾಮೆರಾಗಳು ಹೊಸದಾಗಿ ಅಳೆದು, ನೀವು ಕೊಟ್ಟ ಅಂಕಿಯನ್ನು ಮರೆತುಬಿಡುತ್ತವೆ. ಗೂಡಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅಳತೆ ಬಿಗಿಯಾಗುತ್ತದೆ. ಐಫೋನಿನಲ್ಲಿ ಆಗ AE/AF LOCK ಎಂಬ ಅಕ್ಷರಗಳು ಕಾಣುತ್ತವೆ. ಸರಿಸುವುದು ಅದಾದ ನಂತರ.

ಬಣ್ಣದ ವಸ್ತುಗಳಲ್ಲಿ ಇನ್ನೊಂದು ಮೋಸವಿದೆ. ಕೋಲಾರದ ಕಡೆಯ ಟೊಮೆಟೊ ಕ್ರೇಟುಗಳನ್ನು ಬಿಸಿಲಿನಲ್ಲಿ ತೆಗೆದಾಗ ಒಟ್ಟು ಬೆಳಕಿನ ಹಿಸ್ಟೋಗ್ರಾಂ ಅಂಚಿನಿಂದ ದೂರವೇ ಇರುತ್ತದೆ, ಆದರೂ ಹಣ್ಣು ಪ್ಲಾಸ್ಟಿಕ್ಕಿನಂತೆ ಬರುತ್ತದೆ. ಕೆಂಪು ಬಣ್ಣವೊಂದೇ ಅಂಚಿಗೆ ಹೋಗಿ ಬಡಿದಿರುತ್ತದೆ. Open Camera ಆ್ಯಪಿನ ಹಿಸ್ಟೋಗ್ರಾಂ ಅನ್ನು RGB ಎಂಬುದಕ್ಕೆ ಬದಲಿಸಿದರೆ ಮೂರೂ ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು ಗೆರೆ ಒಳಗೆ ಸರಿಯುವವರೆಗೆ ಇಳಿಸಬೇಕು.

ಗೂಡೂ ಕೊಟ್ಟಿಗೆಯ ಒಳಗೂ ಎರಡೂ ಚೆನ್ನಾಗಿ ಕಾಣಬೇಕೆಂದರೆ ಈ ಉಪಾಯ ಸಾಲದು. ಅಂಕಿ ಇಡೀ ಗುಡ್ಡವನ್ನು ಆಚೀಚೆ ಸರಿಸುತ್ತದೆ, ಅದರ ಅಗಲವನ್ನು ಕುಗ್ಗಿಸುವುದಿಲ್ಲ. ಬೇರೆ ಬೇರೆ ಬೆಳಕಿನ ಹಲವು ಚಿತ್ರಗಳನ್ನು ಬೆಸೆಯುವ ಎಚ್‌ಡಿಆರ್ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ನಾನು ಕೊನೆಗೆ ಚಂದ್ರಿಕೆಯನ್ನು ಜಗುಲಿಯ ನೆರಳಿಗೆ ತಂದು, ಕೊಟ್ಟಿಗೆಯ ಬಾಗಿಲು ಎಳೆದುಕೊಂಡೆ. ಎಡದ ಗುಡ್ಡ ಕರಗಿತು, ಬಲದ ಸೂಜಿ ಒಳಗೆ ಬಂತು, −0.3 ಸಾಕಾಯಿತು.